ವರದಿ ಪರಿಶೀಲನೆ: ಸಿಂಧನೂರು ಅಕ್ಕಿ ಗಿರಣಿಯಲ್ಲಿ ನುಚ್ಚಿನ ಹೆಚ್ಚಳ

ರಚನೆ: ಮುಖ್ಯ ಮಾತು 9ನೇ ಪುಟದಲ್ಲಿ ಅಡಗಿದೆ, ಮಾಲೀಕರು ಅಲ್ಲಿವರೆಗೆ ಓದೋದಿಲ್ಲ. ನುಚ್ಚು ಶೇ. 6ರಿಂದ 11ಕ್ಕೆ ಏರಿದ್ದನ್ನು ಮೊದಲ ಸಾಲಿಗೆ ತನ್ನಿ. ಗಿರಣಿಯ ಇತಿಹಾಸ ಬೇಡ.

ಪುರಾವೆ: ವರದಿ ಸೋತಿರೋದು ಇಲ್ಲೇ. ಭತ್ತದ ತೇವವೇ ಕಾರಣ ಎಂದಿದ್ದೀರಿ. ಅಳೆದದ್ದು ಮೂರೇ ಲಾಟು, ಅದೂ ಒಂದೇ ದಿನ. ತೇವ ಶೇ. 14ರ ಆಸುಪಾಸಿರಬೇಕು, ನಿಜ. ಹೆಚ್ಚಾದರೂ, ತೀರಾ ಒಣಗಿದರೂ ಕಾಳು ಮುರಿಯುತ್ತೆ. ಆದರೆ ಹೊಟ್ಟು ಸುಲಿಯುವ ರಬ್ಬರ್ ರೋಲರ್ ಸವೆದಿದ್ದರೂ ಕಾಳು ಮುರಿಯಬಹುದಲ್ಲ? ಅದನ್ನು ಬದಲಿಸಿದ ತಾರೀಖನ್ನೇ ನೀವು ನೋಡಿಲ್ಲ. ಕನಿಷ್ಠ 30 ಲಾಟಿನ ತೇವ, ನುಚ್ಚು, ರೋಲರ್ ಓಡಿದ ಗಂಟೆಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ.

ಶಿಫಾರಸು: 'ಗುಣಮಟ್ಟ ಸುಧಾರಿಸಬೇಕು' ಅನ್ನೋದು ಬರೀ ಆಸೆ. ಯಾರು, ಏನು, ಯಾವಾಗ, ಎಷ್ಟು ಖರ್ಚು ಅಂತ ಬರೆಯಿರಿ. ತೇವವೇ ಕಾರಣ ಅಂತ ಖಚಿತವಾಗಿಲ್ಲ, ಹಾಗಾಗಿ ಭತ್ತ ಒಣಗಿಸೋ ಡ್ರೈಯರ್ ಖರೀದಿ ಸದ್ಯಕ್ಕೆ ಕೈಬಿಡಿ. ತಿದ್ದಿದ ಪ್ರತಿ ಸೋಮವಾರ ಕೊಡಿ.