ಏಳನೇ ತರಗತಿ ವಿಜ್ಞಾನ: ದ್ಯುತಿಸಂಶ್ಲೇಷಣೆ ಕುರಿತ ಒಂದು ವಾರದ ಪಾಠಯೋಜನೆ

ತರಗತಿಯ ಹಿನ್ನೆಲೆ

ಈ ಯೋಜನೆಯನ್ನು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಗಾಗಿ ಸಿದ್ಧಪಡಿಸಲಾಗಿದೆ. ತರಗತಿಯಲ್ಲಿ 32 ಮಕ್ಕಳಿದ್ದು, ಅವರಲ್ಲಿ ಎಂಟು ಮಂದಿ ಪಠ್ಯಪುಸ್ತಕದ ಒಂದು ಪುಟವನ್ನು ತಡವರಿಸದೆ ಓದಲಾರರು. ಐದಾರು ಮಂದಿ ಓದಿದ್ದನ್ನು ಪ್ರಶ್ನಿಸುವಷ್ಟು ಮುಂದಿದ್ದಾರೆ. ಕೆಲವರ ಮನೆಮಾತು ಲಂಬಾಣಿ ಅಥವಾ ಉರ್ದು. ಒಬ್ಬ ಹುಡುಗಿಗೆ ದೃಷ್ಟಿ ಮಂದ. ಬಹುಪಾಲು ಮಕ್ಕಳು ಕೃಷಿಕ ಕುಟುಂಬದವರಾದ್ದರಿಂದ ಗಿಡಗಳ ವಿಷಯದಲ್ಲಿ ಅವರ ಅನುಭವ ಶಿಕ್ಷಕರ ಅನುಭವಕ್ಕಿಂತ ಕಡಿಮೆಯೇನೂ ಅಲ್ಲ. ಆದರೆ ಗಿಡಕ್ಕೆ ಊಟ ಯಾವುದು ಎಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ಗೊಬ್ಬರ, ಮಿಸ್" ಎನ್ನುತ್ತದೆ. ಓದಿನಲ್ಲಿ ಮುಂದಿರುವವರೂ ಹಿಂದಿರುವವರೂ ಈ ಒಂದು ತಪ್ಪು ಕಲ್ಪನೆಯಲ್ಲಿ ಸಮಾನರು. ಆದ್ದರಿಂದ ವಾರದ ಪಾಠವೆಲ್ಲ ಇಲ್ಲಿಂದಲೇ ಹೊರಡುತ್ತದೆ, ಮತ್ತು ಸಮೀಕರಣವನ್ನು ಶುಕ್ರವಾರದವರೆಗೆ ಕಪ್ಪುಹಲಗೆಯ ಮೇಲೆ ಬರೆಯುವುದಿಲ್ಲ. ಮೊದಲೇ ಬರೆದುಬಿಟ್ಟರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಗೊಬ್ಬರದ ನಂಬಿಕೆಯೂ ಅದರ ಪಕ್ಕದಲ್ಲೇ ಹಾಯಾಗಿ ಉಳಿದುಕೊಳ್ಳುತ್ತದೆ.

ಪೂರ್ವಸಿದ್ಧತೆ

ಪಾಠಕ್ಕೆ ಸುಮಾರು ನಾಲ್ಕು ವಾರ ಮೊದಲು ಆರು ಕುಂಡಗಳಲ್ಲಿ ಬೀನ್ಸ್ ಬೀಜ ಊರಬೇಕು. ದಾಸವಾಳದ ಎಲೆಯೂ ಆಗುತ್ತದೆ, ಆದರೆ ಬೀನ್ಸ್ ಎಲೆ ತೆಳುವಾಗಿರುವುದರಿಂದ ಬಣ್ಣ ಬೇಗ ಬಿಡುತ್ತದೆ. ಹಿಂದಿನ ಶುಕ್ರವಾರ ಸಂಜೆ ಎಲ್ಲ ಕುಂಡಗಳನ್ನು ಬೆಳಕು ಸುಳಿಯದ ಉಗ್ರಾಣದ ಕೋಣೆಯಲ್ಲಿಟ್ಟು ಬೀಗ ಹಾಕಬೇಕು. ಸೋಮವಾರ ಬೆಳಗಿನ ಹೊತ್ತಿಗೆ ಎಲೆಗಳಲ್ಲಿದ್ದ ಪಿಷ್ಟವನ್ನು ಗಿಡವೇ ಬಳಸಿ ಮುಗಿಸಿರುತ್ತದೆ. ಉಳಿದ ಸಾಮಗ್ರಿಗಳೆಂದರೆ ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್, ಸ್ಪಿರಿಟ್, ಸೂಜಿಯಿಲ್ಲದ 10 ಮಿ.ಲೀ. ಹೊಸ ಸಿರಿಂಜುಗಳು, ಅಡುಗೆ ಸೋಡಾ, ಪಾಲಕ್ ಮತ್ತು ಕೆಂಪು ದಂಟಿನ ಸೊಪ್ಪು, ಬಣ್ಣವಿಲ್ಲದ ನೇಲ್ ಪಾಲಿಶ್, ಕಪ್ಪು ಕಾಗದ, ಬಿಳಿ ತಟ್ಟೆಗಳು ಮತ್ತು ಶಾಲೆಯಲ್ಲಿರುವ ಒಂದು ಸೂಕ್ಷ್ಮದರ್ಶಕ.

ಮಿಶ್ರ ಸಾಮರ್ಥ್ಯಕ್ಕೆ ಅನುಸರಿಸುವ ಕ್ರಮ

ಮಕ್ಕಳನ್ನು ಜಾಣರು, ಮಂದರು ಎಂದು ಬೇರ್ಪಡಿಸಿ ಗುಂಪು ಮಾಡುವುದಿಲ್ಲ. ನಾಲ್ಕು ಮಂದಿಯ ಎಂಟು ಗುಂಪುಗಳಿದ್ದು, ಪ್ರತಿ ಗುಂಪಿನಲ್ಲೂ ನಿರರ್ಗಳವಾಗಿ ಓದಬಲ್ಲ ಒಬ್ಬರಾದರೂ ಇರುತ್ತಾರೆ. ಸಾಮಾನು ತರುವವರು, ಕೈಯಾರೆ ಮಾಡುವವರು, ಸಮಯ ನೋಡುವವರು, ದಾಖಲಿಸುವವರು ಎಂಬ ನಾಲ್ಕು ಹೊಣೆಗಳು ಪ್ರತಿದಿನ ಬದಲಾಗುತ್ತವೆ. ಹೊಣೆ ಬದಲಾಗದಿದ್ದರೆ ಅಕ್ಷರ ಚೆನ್ನಾಗಿರುವ ಹುಡುಗಿ ವಾರವಿಡೀ ಬರೆಯುತ್ತಲೇ ಇರುತ್ತಾಳೆ, ಓದಲು ಬಾರದ ಹುಡುಗ ವಾರವಿಡೀ ನೀರು ಹೊರುತ್ತಾನೆ.

ಪ್ರಯೋಗ ಎಲ್ಲರಿಗೂ ಒಂದೇ; ದಾಖಲಿಸುವ ಕಾರ್ಡು ಮಾತ್ರ ಮೂರು ಬಗೆ. ಮೊದಲನೆಯದರಲ್ಲಿ ಚಿತ್ರಗಳಿದ್ದು ಬಣ್ಣ ತುಂಬಿ ಒಂದೊಂದು ಪದ ಬರೆದರೆ ಸಾಕು. ಎರಡನೆಯದರಲ್ಲಿ ಅರ್ಧ ವಾಕ್ಯಗಳಿದ್ದು ಅವನ್ನು ಪೂರ್ಣಗೊಳಿಸಬೇಕು. ಮೂರನೆಯದರಲ್ಲಿ "ಹೀಗಾಗಲು ಬೇರೆ ಕಾರಣವಿರಬಹುದೇ?" ಎಂಬಂಥ ಪ್ರಶ್ನೆಗಳು ಮಾತ್ರ ಇರುತ್ತವೆ. ಕಾರ್ಡನ್ನು ಮಗುವೇ ಆರಿಸಿಕೊಳ್ಳುತ್ತದೆ. ಎರಡು ದಿನ ಒಂದೇ ಬಗೆಯನ್ನು ಆರಿಸಿದವರನ್ನು ಮೂರನೆಯ ದಿನ ಮುಂದಿನದಕ್ಕೆ ಹುರಿದುಂಬಿಸಬೇಕು. ಗುಂಪಿನೊಳಗಿನ ಚರ್ಚೆ ಮಕ್ಕಳ ಮನೆಮಾತಿನಲ್ಲಿ ನಡೆದರೂ ಅಡ್ಡಿಯಿಲ್ಲ. ಪತ್ರಹರಿತ್ತು, ಪಿಷ್ಟ, ಪತ್ರರಂಧ್ರ ಎಂಬ ಪದಗಳನ್ನು ಮಾತ್ರ ಎಲ್ಲರೂ ಕನ್ನಡದಲ್ಲೇ ಬಳಸಬೇಕು.

ಸೋಮವಾರ (40 ನಿಮಿಷ): ತೂಕ ಎಲ್ಲಿಂದ ಬಂತು?

ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಕುಂಡಗಳನ್ನು ಉಗ್ರಾಣದಿಂದ ಹೊರತಂದು, ಪ್ರತಿ ಗುಂಪು ಒಂದು ಎಲೆಯ ನಡುವೆ ಎರಡೂ ಬದಿಗೆ ಕಪ್ಪು ಕಾಗದದ ಪಟ್ಟಿಯನ್ನು ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಒಂದು ಕುಂಡವನ್ನು ಕತ್ತಲೆಯಲ್ಲೇ ಉಳಿಸಿ, ಮಿಕ್ಕವನ್ನು ಬಿಸಿಲಿಗಿಡಬೇಕು.

ತರಗತಿಯಲ್ಲಿ ಒಂದು ಹುಣಸೆ ಬೀಜವನ್ನೂ ಒಂದು ಹುಣಸೆ ಕೊರಡನ್ನೂ ಮೇಜಿನ ಮೇಲಿಟ್ಟು, ಇಷ್ಟು ತೂಕ ಎಲ್ಲಿಂದ ಬಂತೆಂದು ಕೇಳಿ, ಪ್ರತಿಯೊಬ್ಬರ ಊಹೆಯನ್ನೂ ಚೀಟಿಯಲ್ಲಿ ಸಂಗ್ರಹಿಸಬೇಕು. ಬರೆಯಲಾರದವರು ಚಿತ್ರ ಬಿಡಿಸಬಹುದು. ಈ ಚೀಟಿಗಳು ಶನಿವಾರ ಮತ್ತೆ ಬೇಕಾಗುತ್ತವೆ. ಆಮೇಲೆ ಯಾನ್ ಬಾಪ್ಟಿಸ್ಟಾ ವಾನ್ ಹೆಲ್ಮಾಂಟ್ ಮಾಡಿದ ಪ್ರಯೋಗವನ್ನು ವಿವರಿಸಬೇಕು. ಅದರ ವರದಿ 1648ರಲ್ಲಿ, ಆತ ತೀರಿಕೊಂಡ ನಂತರ ಪ್ರಕಟವಾಯಿತು. ಸುಮಾರು 90 ಕೆ.ಜಿ. ಒಣ ಮಣ್ಣಿನಲ್ಲಿ ನೆಟ್ಟ, ಸುಮಾರು 2.3 ಕೆ.ಜಿ. ತೂಕದ ವಿಲೋ ಸಸಿಗೆ ಐದು ವರ್ಷ ಬರೀ ನೀರುಣಿಸಿದಾಗ ಅದು ಸುಮಾರು 77 ಕೆ.ಜಿ.ಗೆ ಬೆಳೆಯಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 57 ಗ್ರಾಂ. ಗಿಡ ಗಳಿಸಿದ ತೂಕವನ್ನೂ ಮಣ್ಣು ಕಳೆದುಕೊಂಡ ತೂಕವನ್ನೂ ಮಕ್ಕಳೇ ಲೆಕ್ಕ ಹಾಕಲಿ. ಎಲ್ಲವೂ ನೀರಿನಿಂದಲೇ ಬಂತೆಂದು ವಾನ್ ಹೆಲ್ಮಾಂಟ್ ತೀರ್ಮಾನಿಸಿದ ಎಂದು ಹೇಳಿ, ಅದು ಸರಿಯೋ ತಪ್ಪೋ ಎಂಬುದನ್ನು ಹೇಳದೆ ತರಗತಿಯನ್ನು ಮುಗಿಸಬೇಕು.

ಮಂಗಳವಾರ (ಊಟದ ನಂತರ 80 ನಿಮಿಷ): ಎಲೆಯಲ್ಲಿ ಪಿಷ್ಟವಿದೆಯೇ?

ಈ ತರಗತಿಯನ್ನು ಬೆಳಿಗ್ಗೆ ಇಟ್ಟುಕೊಳ್ಳಬಾರದು. ರಾತ್ರಿಯಲ್ಲಿ ಎಲೆಯ ಪಿಷ್ಟ ಸಕ್ಕರೆಯಾಗಿ ಬೇರೆ ಭಾಗಗಳಿಗೆ ಸಾಗಿರುತ್ತದೆಯಾದ್ದರಿಂದ ಬೆಳಿಗ್ಗೆ ಕಿತ್ತ ಎಲೆ ಸಪ್ಪೆಯಾದ ಫಲಿತಾಂಶ ಕೊಡುತ್ತದೆ. ಅರ್ಧ ದಿನ ಬಿಸಿಲುಂಡ ಎಲೆಯಲ್ಲಿ ಫಲಿತಾಂಶ ಎದ್ದು ಕಾಣುತ್ತದೆ.

ಮೊದಲ 15 ನಿಮಿಷ ಬಿಸಿಯೂಟದಿಂದ ತೆಗೆದಿರಿಸಿದ ಅನ್ನ, ಮೊಟ್ಟೆಯ ಬಿಳಿಭಾಗ, ಬಾಳೆಕಾಯಿಯ ತುಂಡು ಮತ್ತು ಕಳಿತ ಬಾಳೆಹಣ್ಣಿನ ತುಂಡಿನ ಮೇಲೆ, ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಅಯೋಡಿನ್ನನ್ನು ಒಂದೊಂದು ಹನಿ ಹಾಕಬೇಕು. ಅನ್ನ ಮತ್ತು ಬಾಳೆಕಾಯಿ ನೀಲಿಗಪ್ಪಾಗುತ್ತವೆ, ಮೊಟ್ಟೆಯ ಬಿಳಿ ಆಗುವುದಿಲ್ಲ. ಕಳಿತ ಹಣ್ಣಿನ ಬಣ್ಣ ಏಕೆ ಅಷ್ಟು ಗಾಢವಾಗಲಿಲ್ಲ ಎಂಬುದು ಮೂರನೆಯ ಬಗೆಯ ಕಾರ್ಡಿನ ಪ್ರಶ್ನೆ. ಅಯೋಡಿನ್ ತಾಗಿದ ಯಾವುದನ್ನೂ ಬಾಯಿಗೆ ಹಾಕಬಾರದೆಂದು ಎರಡು ಬಾರಿ ಹೇಳಬೇಕು, ಏಕೆಂದರೆ ಬಾಳೆಹಣ್ಣು ಕಣ್ಣೆದುರಿಗಿರುತ್ತದೆ.

ನಂತರ ಎಲೆಯ ಸರದಿ. ಕಪ್ಪುಪಟ್ಟಿ ತೆಗೆದ ಎಲೆಯನ್ನೂ ಕತ್ತಲೆಯ ಕುಂಡದ ಒಂದು ಎಲೆಯನ್ನೂ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಸ್ಪಿರಿಟ್ ಇರುವ ಪ್ರನಾಳಕ್ಕೆ ಹಾಕಿ, ಆ ಪ್ರನಾಳವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಬೇಕು. ಸ್ಪಿರಿಟ್ಟಿನಲ್ಲಿರುವ ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ ಮತ್ತು ಅದರ ಆವಿಗೆ ಬೆಂಕಿ ಹತ್ತುತ್ತದೆ. ಆದ್ದರಿಂದ ನೀರನ್ನು ಅಡುಗೆಕೋಣೆಯಲ್ಲಿ ಕಾಯಿಸಿ, ಒಲೆಯಿಂದ ದೂರವಿರುವ ಅಂಗಳಕ್ಕೆ ತರಬೇಕು, ಮತ್ತು ಈ ಹಂತವನ್ನು ಶಿಕ್ಷಕರು ಮಾತ್ರ ಮಾಡಬೇಕು. ಸ್ಪಿರಿಟ್ ಹಸಿರಾಗಿ ಎಲೆ ಬಿಳಿಚಿಕೊಂಡಾಗ ಮಕ್ಕಳಿಂದ ಉದ್ಗಾರ ಹೊರಡುತ್ತದೆ. ಹಸಿರೆಂಬುದು ಬೇರ್ಪಡಿಸಬಹುದಾದ ಒಂದು ವಸ್ತು ಎಂದು ಪತ್ರಹರಿತ್ತಿನ ಹೆಸರನ್ನು ಹೇಳಲು ಅದೇ ತಕ್ಕ ಸಮಯ. ಗರಿಗರಿಯಾದ ಎಲೆಯನ್ನು ಬೆಚ್ಚನೆಯ ನೀರಿನಲ್ಲಿ ಮೆತ್ತಗಾಗಿಸಿ ಬಿಳಿ ತಟ್ಟೆಯಲ್ಲಿ ಹರಡಿ ಅಯೋಡಿನ್ ಹಾಕಿದಾಗ ಪಟ್ಟಿ ಇದ್ದ ಭಾಗ ಕಂದು ಹಳದಿಯಾಗಿಯೇ ಉಳಿದು ಸುತ್ತಲಿನ ಭಾಗ ಕಪ್ಪಾಗುತ್ತದೆ. ದೃಷ್ಟಿ ಮಂದವಿರುವ ವಿದ್ಯಾರ್ಥಿನಿಗೆ ತಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಕೈಗೇ ಕೊಡಬೇಕು. ಗಡಿರೇಖೆ ಸ್ಪಷ್ಟವಾಗಿರುವುದರಿಂದ ಅವಳು ಬೇರೆಯವರ ವಿವರಣೆಯನ್ನು ನೆಚ್ಚಬೇಕಾಗುವುದಿಲ್ಲ.

ಬುಧವಾರ (40 ನಿಮಿಷ): ಒಳಬರುವ ದಾರಿಗಳು

ಎಲೆಯ ಕೆಳಮೈಗೂ ಮೇಲ್ಮೈಗೂ ನೇಲ್ ಪಾಲಿಶ್ ಹಚ್ಚಿ, ಒಣಗಿದ ಪೊರೆಯನ್ನು ಪಾರದರ್ಶಕ ಟೇಪಿನಿಂದ ಎತ್ತಿ ಸೂಕ್ಷ್ಮದರ್ಶಕದಲ್ಲಿ ಪತ್ರರಂಧ್ರಗಳನ್ನು ನೋಡಬೇಕು. ಸೂಕ್ಷ್ಮದರ್ಶಕ ಒಂದೇ ಇರುವುದರಿಂದ ಸರದಿಗೆ ಕಾಯುವ ಗುಂಪುಗಳು, ಹಿಂದಿನ ದಿನ ಕೆಂಪು ಶಾಯಿಯಲ್ಲಿ ನಿಲ್ಲಿಸಿದ ಕರ್ಣಕುಂಡಲದ ದಂಟನ್ನು ಅಡ್ಡಲಾಗಿ ಸೀಳಿ, ನೀರು ಏರಿದ ಜಾಡನ್ನು ಬಿಡಿಸಿಕೊಳ್ಳಲಿ. ಪತ್ರರಂಧ್ರಗಳಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ ಎಂಬುದನ್ನು ಹೇಳಿದರೆ ಸಾಕು. ಇದನ್ನು ತೋರಿಸಲು ಪುಸ್ತಕಗಳಲ್ಲಿ ಬರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪ್ರಯೋಗ ಚರ್ಮ ಸುಡುವ ರಾಸಾಯನಿಕವನ್ನು ಬೇಡುತ್ತದೆ. ಹನ್ನೆರಡರ ಮಕ್ಕಳ ಕೈಗೆ ಅದು ತಕ್ಕದ್ದಲ್ಲ. ಗುರುವಾರದ ಚಟುವಟಿಕೆ ಅದೇ ವಿಷಯವನ್ನು ಅಪಾಯವಿಲ್ಲದೆ ತೋರಿಸುತ್ತದೆ.

ಗುರುವಾರ (80 ನಿಮಿಷ): ತೇಲುವ ಎಲೆಬಿಲ್ಲೆಗಳು

300 ಮಿ.ಲೀ. ನೀರಿಗೆ ಚಿಟಿಕೆಗಿಂತ ತುಸು ಹೆಚ್ಚು ಅಡುಗೆ ಸೋಡಾ ಮತ್ತು ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಬೇಕು. ಪಾಲಕ್ ಎಲೆಯಿಂದ ದಪ್ಪ ನರಗಳನ್ನು ಬಿಟ್ಟು ಪೇಪರ್ ಪಂಚಿನಿಂದ ಹತ್ತು ಬಿಲ್ಲೆಗಳನ್ನು ತೆಗೆದು, ದ್ರಾವಣದೊಂದಿಗೆ ಸಿರಿಂಜಿಗೆ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಹಿಂದಕ್ಕೆಳೆದು ಬಿಡಬೇಕು. ಎಲೆಯೊಳಗಿನ ಗಾಳಿ ಹೊರಟು, ಆ ಜಾಗಕ್ಕೆ ದ್ರಾವಣ ನುಗ್ಗಿ ಬಿಲ್ಲೆಗಳು ಮುಳುಗುತ್ತವೆ. ಕೆಲವು ಮುಳುಗಲು ಒಪ್ಪುವುದಿಲ್ಲ. ಎರಡು ಮೂರು ಬಾರಿ ಎಳೆಯಬೇಕಾಗಬಹುದು.

ನಾಲ್ಕು ಗುಂಪುಗಳ ಲೋಟಗಳಲ್ಲಿ ಸೋಡಾ ನೀರು, ಇನ್ನೆರಡು ಗುಂಪುಗಳಲ್ಲಿ ಕುದಿಸಿ ಆರಿಸಿದ, ಸೋಡಾ ಇಲ್ಲದ ನೀರು, ಕೊನೆಯ ಎರಡರಲ್ಲಿ ಸೋಡಾ ನೀರಿದ್ದರೂ ಮೇಲೆ ಕಪ್ಪು ಕಾಗದದ ಮುಚ್ಚಳ ಇರಲಿ. ಎಲ್ಲವನ್ನೂ ಬಿಸಿಲಿಗಿಟ್ಟು ಪ್ರತಿ ನಿಮಿಷಕ್ಕೆ ತೇಲಿದ ಬಿಲ್ಲೆಗಳನ್ನು ಎಣಿಸಬೇಕು. ಮುಚ್ಚಿದ ಲೋಟಗಳನ್ನು ಮಾತ್ರ ಕೊನೆಯಲ್ಲಿ ಒಮ್ಮೆ ತೆರೆದು ನೋಡಬೇಕು. ಮೋಡ ಕವಿದರೆ ಮೇಜಿನ ಎಲ್‌ಇಡಿ ದೀಪವನ್ನು ಹತ್ತಿರವಿಡಬಹುದು, ಆದರೆ ಸಮಯ ಹೆಚ್ಚು ಹಿಡಿಯುತ್ತದೆ. ಸೋಡಾ ನೀರಿನ ಬಿಲ್ಲೆಗಳು ಆಮ್ಲಜನಕದ ಸಣ್ಣ ಗುಳ್ಳೆಗಳನ್ನು ಅಂಟಿಸಿಕೊಂಡು ಒಂದೊಂದಾಗಿ ಮೇಲೇಳುತ್ತವೆ. ಮಿಕ್ಕ ಲೋಟಗಳಲ್ಲಿ ಏಕೆ ಹಾಗಾಗಲಿಲ್ಲ ಎಂಬುದನ್ನು ಗುಂಪುಗಳು ಒಂದನ್ನೊಂದು ಕೇಳಿ ತಿಳಿಯಬೇಕು. ಏಕೆಂದರೆ ಯಾವ ಗುಂಪಿನ ಬಳಿಯೂ ಪೂರ್ತಿ ಉತ್ತರವಿಲ್ಲ. ಸಮಯ ಮತ್ತು ತೇಲಿದ ಬಿಲ್ಲೆಗಳ ನಕ್ಷೆಯನ್ನು ಕೆಲವರು ಚೌಕಳಿ ಕಾಗದದಲ್ಲಿ ಬರೆಯಲಿ, ಕೆಲವರು ನೆಲದ ಮೇಲೆ ಬೆಣಚುಕಲ್ಲು ಸಾಲಿಟ್ಟು ಮಾಡಲಿ.

ತೇಲಿದ ಬಿಲ್ಲೆಗಳನ್ನು ಕತ್ತಲೆಯಲ್ಲಿಟ್ಟರೆ ಅವು ನಿಧಾನವಾಗಿ ಮತ್ತೆ ಮುಳುಗುತ್ತವೆ, ಏಕೆಂದರೆ ಉಸಿರಾಟ ಆ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಎಂಬ ತಪ್ಪನ್ನು ಇಲ್ಲಿಯೇ ತಿದ್ದಬೇಕು: ಉಸಿರಾಟ ಹಗಲೂ ರಾತ್ರಿಯೂ ನಡೆಯುತ್ತದೆ. ರಾತ್ರಿ ಹುಣಸೆಮರದ ಕೆಳಗೆ ಮಲಗಬಾರದೆಂಬ ಮಾತನ್ನು ಯಾರಾದರೂ ಎತ್ತುವುದು ಖಂಡಿತ. ದೆವ್ವದ ಬದಲಿಗೆ ಇಂಗಾಲದ ಡೈಆಕ್ಸೈಡನ್ನು ಕಾರಣವಾಗಿ ಹೇಳಿ ಜಾರಿಕೊಳ್ಳಬಾರದು. ಬಯಲಿನಲ್ಲಿ ಮರವೊಂದು ಹೊರಬಿಡುವ ಪ್ರಮಾಣದಿಂದ ಮಲಗಿದವರಿಗೆ ಏನೂ ಆಗುವುದಿಲ್ಲ.

ಶುಕ್ರವಾರ (40 ನಿಮಿಷ): ಕೆಂಪೆಲೆ ಮತ್ತು ಕಾಳುಗಳ ಲೆಕ್ಕ

ಹಸಿರಿಲ್ಲದ ಎಲೆ ಆಹಾರ ತಯಾರಿಸುವುದು ಹೇಗೆ ಎಂಬ ಪ್ರಶ್ನೆಗೆ ಕೆಂಪು ದಂಟಿನ ಸೊಪ್ಪನ್ನು ಬಿಸಿನೀರಿಗೆ ಹಾಕಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ: ಕೆಂಪು ನೀರಿಗಿಳಿದು ಎಲೆಯಲ್ಲಿ ಹಸಿರು ಉಳಿಯುತ್ತದೆ.

ಈಗ ಸಮೀಕರಣವನ್ನು ಬರೆಯಬಹುದು: 6CO₂ + 6H₂O → C₆H₁₂O₆ + 6O₂. ಬಾಣದ ಮೇಲೆ ಬೆಳಕು, ಕೆಳಗೆ ಪತ್ರಹರಿತ್ತು ಎಂದು ಸೇರಿಸಬೇಕು. ಪ್ರತಿ ಗುಂಪಿಗೆ ಇಂಗಾಲವಾಗಿ 6 ಹುಣಸೆ ಬೀಜ, ಜಲಜನಕವಾಗಿ 12 ಹೆಸರುಕಾಳು, ಆಮ್ಲಜನಕವಾಗಿ 18 ಕಡಲೆಕಾಳು ಕೊಟ್ಟು, ಎಡಬದಿಯ ಅಣುಗಳನ್ನು ಜೋಡಿಸಿ, ನಂತರ ಅವೇ ಕಾಳುಗಳಿಂದ ಬಲಬದಿಯನ್ನು ಕಟ್ಟಲು ಹೇಳಬೇಕು. ಒಂದು ಕಾಳೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ವಾನ್ ಹೆಲ್ಮಾಂಟ್ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಗಾಳಿಯನ್ನು ಎಂಬುದನ್ನು ಈ ಕಾಳುಗಳ ಮುಂದೆ ಕುಳಿತು ಮಕ್ಕಳೇ ಹೇಳುವಂತಾಗಬೇಕು.

ಶನಿವಾರ (ಬೆಳಗಿನ ಶಾಲೆ, 40 ನಿಮಿಷ): ಮೌಲ್ಯಮಾಪನ

ಸೋಮವಾರದ ಚೀಟಿಯನ್ನು ಆಯಾ ಮಗುವಿಗೆ ಹಿಂದಿರುಗಿಸಿ, ಉತ್ತರದಲ್ಲಿ ಏನನ್ನು ಬದಲಿಸುವಿರಿ, ಅದಕ್ಕೆ ಯಾವ ಪ್ರಯೋಗ ಆಧಾರ ಎಂದು ಕೇಳಬೇಕು. ಬರೆದು, ಚಿತ್ರ ಬಿಡಿಸಿ ಅಥವಾ ಬಾಯಲ್ಲಿ ಹೇಳಿ ಉತ್ತರಿಸಬಹುದು. ಮೂರಕ್ಕೂ ಅಂಕ ಒಂದೇ. 10 ಅಂಕಗಳಲ್ಲಿ ಆರು ಅಂಕಗಳು ಆಧಾರವನ್ನು ಹೇಳುವುದಕ್ಕೆ, ಎರಡು ಅಂಕಗಳು ಪದಗಳ ಸರಿಯಾದ ಬಳಕೆಗೆ, ಎರಡು ಅಂಕಗಳು ಗುಂಪಿನಲ್ಲಿ ವಹಿಸಿದ ಹೊಣೆಗೆ. ಸಮೀಕರಣವನ್ನು ನೆನಪಿನಿಂದ ಬರೆಯುವುದಕ್ಕೆ ಪ್ರತ್ಯೇಕ ಅಂಕವಿಲ್ಲ.

ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ಗಿಡ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದಾದರೆ ನಿಮ್ಮ ಮನೆಯವರು ಈರುಳ್ಳಿ ಹೊಲಕ್ಕೆ ಗೊಬ್ಬರವನ್ನು ಏಕೆ ಹಾಕುತ್ತಾರೆ? ಸಾರಜನಕ, ರಂಜಕ, ಪೊಟ್ಯಾಸಿಯಂಗಳು ಗಿಡದ ದೇಹ ಕಟ್ಟಲು ಅಲ್ಪ ಪ್ರಮಾಣದಲ್ಲಿ ಬೇಕು, ಅವು ಶಕ್ತಿ ಕೊಡುವ ಆಹಾರವಲ್ಲ ಎಂಬಷ್ಟು ಹೇಳಿದವರ ಕಲಿಕೆ ಪೂರ್ಣವೆಂದು ಗಣಿಸಬೇಕು. "ಗೊಬ್ಬರವೇ ಊಟ" ಎಂದು ಇನ್ನೂ ಹೇಳುವವರಿಗೆ ಪಾಠವನ್ನು ಮತ್ತೆ ಓದಿಸುವುದು ಬೇಡ. ಮುಂದಿನ ಸೋಮವಾರ ಅವರಿಗೆ ಗೊಬ್ಬರ ಹಾಕಿದ ಒಂದು ಬೀನ್ಸ್ ಕುಂಡವನ್ನು ಕೊಟ್ಟು, ಅದನ್ನು ಮೂರು ದಿನ ಕತ್ತಲೆಯಲ್ಲಿಡಿಸಿ, ಅದರ ಎಲೆಗೆ ಅಯೋಡಿನ್ ಪರೀಕ್ಷೆಯನ್ನು ಅವರಿಂದಲೇ ಮಾಡಿಸಬೇಕು. ಸ್ಪಿರಿಟ್ ಹಂತ ಮಾತ್ರ ಆಗಲೂ ಶಿಕ್ಷಕರದೇ.