ತಳಹದಿ, ಮೇಲ್ರಚನೆ ಮತ್ತು ಕೂಲಿಯ ದಿನ

ಮನುಷ್ಯರು ಯೋಚಿಸುವುದಕ್ಕೂ ಹಾಡು ಕಟ್ಟುವುದಕ್ಕೂ ಕಾನೂನು ಬರೆಯುವುದಕ್ಕೂ ಮೊದಲು ಉಣ್ಣಬೇಕು, ಉಡಬೇಕು, ತಲೆಯ ಮೇಲೊಂದು ಸೂರು ಮಾಡಿಕೊಳ್ಳಬೇಕು. ಮಾರ್ಕ್ಸ್ ಮತ್ತು ಎಂಗೆಲ್ಸ್ 1845–46ರಲ್ಲಿ ಬರೆದಿಟ್ಟ ‘ಜರ್ಮನ್ ಐಡಿಯಾಲಜಿ’ಯ ಹಸ್ತಪ್ರತಿ ಹೊರಡುವುದು ಈ ಸರಳ ಮಾತಿನಿಂದ. ಇದನ್ನು ಒಪ್ಪುವುದು ಸುಲಭ. ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ: ಅನ್ನ ಸಂಪಾದಿಸುವ ರೀತಿಗೂ ಆ ಸಮಾಜದ ನ್ಯಾಯ, ಧರ್ಮ, ಕಲೆಗಳಿಗೂ ಇರುವ ನಂಟು ಎಂಥದು? ಬದುಕಲು ಜನ ಪ್ರವೇಶಿಸಲೇಬೇಕಾದ ಸಂಬಂಧಗಳು ಕೆಲವು ವಿಚಾರಗಳನ್ನು ಸಹಜವೆನ್ನಿಸುವಂತೆ ಮಾಡುತ್ತವೆ, ಇನ್ನು ಕೆಲವನ್ನು ಊಹೆಗೂ ನಿಲುಕದಂತೆ ಮಾಡುತ್ತವೆ. ತಳಹದಿಯಿಂದ ಸಂಸ್ಕೃತಿಗೆ ಹೋಗುವ ದಾರಿ ಇದೇ ಎಂಬುದು ಈ ಪ್ರಬಂಧದ ವಾದ.

ಮೊದಲು ಪದಗಳು. 1859ರಲ್ಲಿ ಪ್ರಕಟವಾದ ‘ರಾಜಕೀಯ ಅರ್ಥಶಾಸ್ತ್ರದ ವಿಮರ್ಶೆಗೆ ಒಂದು ಕೊಡುಗೆ’ಯ ಮುನ್ನುಡಿಯಲ್ಲಿ ಮಾರ್ಕ್ಸ್ ಕಟ್ಟಡದ ರೂಪಕವೊಂದನ್ನು ಬಳಸುತ್ತಾನೆ. ಉಪಕರಣ, ಕಚ್ಚಾ ಸಾಮಗ್ರಿ, ಕೌಶಲ, ದುಡಿಯುವ ಶಕ್ತಿ ಇವು ಉತ್ಪಾದನಾ ಶಕ್ತಿಗಳು. ಇವು ಯಾರ ಹಿಡಿತದಲ್ಲಿವೆ, ಯಾರು ಯಾರಿಗಾಗಿ ದುಡಿಯುತ್ತಾರೆ ಎಂಬುದು ಉತ್ಪಾದನಾ ಸಂಬಂಧ. ಈ ಸಂಬಂಧಗಳ ಒಟ್ಟು ಮೊತ್ತವೇ ಸಮಾಜದ ಆರ್ಥಿಕ ರಚನೆ, ಅಂದರೆ ತಳಹದಿ. ಅದರ ಮೇಲೆ ಕಾನೂನು ಮತ್ತು ರಾಜಕೀಯದ ಮೇಲ್ರಚನೆ ಏಳುತ್ತದೆ. ಅದಕ್ಕೆ ತಕ್ಕ ಸಾಮಾಜಿಕ ಪ್ರಜ್ಞೆಯ ರೂಪಗಳಿರುತ್ತವೆ. ಇಲ್ಲಿ ಒಂದು ಸಂಗತಿ ಕಣ್ತಪ್ಪಬಾರದು. ಮುನ್ನುಡಿಯಲ್ಲಿ ತಳಹದಿ ಎಂದರೆ ಹಣವಲ್ಲ, ಯಂತ್ರವೂ ಅಲ್ಲ. ಅದು ಜನರ ನಡುವಿನ ಸಂಬಂಧ. ‘ಆರ್ಥಿಕ’ ಎಂಬ ಪದವನ್ನು ‘ಲಾಭದಾಸೆ’ ಎಂದು ಓದಿಕೊಂಡವರಿಗೆ ಇಡೀ ಸಿದ್ಧಾಂತವೇ ಸಣ್ಣದಾಗಿ ಕಾಣುತ್ತದೆ.

ನಂಟು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡ ಉದಾಹರಣೆ ‘ಬಂಡವಾಳ’ದ ಮೊದಲ ಸಂಪುಟದಲ್ಲಿ (1867) ಬರುವ ಕೂಲಿಯ ವಿಶ್ಲೇಷಣೆ. ಊಳಿಗಮಾನ್ಯ ವ್ಯವಸ್ಥೆಯಲ್ಲಿ ರೈತ ವಾರದ ಕೆಲವು ದಿನ ತನ್ನ ಪಾಲಿನ ನೆಲದಲ್ಲಿ ದುಡಿಯುತ್ತಾನೆ, ಇನ್ನು ಕೆಲವು ದಿನ ಒಡೆಯನ ನೆಲದಲ್ಲಿ ಬಿಟ್ಟಿ ಮಾಡುತ್ತಾನೆ. ಯಾವುದು ತನಗಾಗಿ, ಯಾವುದು ಒಡೆಯನಿಗಾಗಿ ಎಂಬುದು ನೆಲದ ಬದುವಿನಷ್ಟೇ ಸ್ಪಷ್ಟ. ಹೀಗೆ ಬಯಲಲ್ಲಿ ನಡೆಯುವ ಸುಲಿಗೆ ಉಳಿದುಕೊಳ್ಳಬೇಕಾದರೆ ಹುಟ್ಟಿನ ಮೇಲು ಕೀಳು, ದೈವೇಚ್ಛೆ, ಸ್ವಾಮಿನಿಷ್ಠೆಯಂಥ ವಿಚಾರಗಳ ಆಸರೆ ಬೇಕಾಗುತ್ತದೆ. ಕೂಲಿ ದುಡಿಮೆಯಲ್ಲಿ ಆ ಬದು ಅಳಿಸಿಹೋಗುತ್ತದೆ. ಕಾರ್ಮಿಕ ಹನ್ನೆರಡು ಗಂಟೆ ದುಡಿದರೆ ಹನ್ನೆರಡು ಗಂಟೆಗೂ ಸಂಬಳ ಸಿಕ್ಕಂತೆ ತೋರುತ್ತದೆ. ಆದರೆ ಮಾಲೀಕ ಕೊಂಡದ್ದು ದುಡಿಯುವ ಶಕ್ತಿಯನ್ನು. ಅದರ ಬೆಲೆಗೆ ಸಮನಾದ ಮೌಲ್ಯ ದಿನದ ಒಂದು ಭಾಗದಲ್ಲೇ ಹುಟ್ಟುತ್ತದೆ, ಉಳಿದ ಭಾಗದ ದುಡಿಮೆಗೆ ಸಂದಾಯವಿಲ್ಲ.

ಹೀಗಿರುವಾಗ ‘ಇಬ್ಬರು ಸ್ವತಂತ್ರರು ಸಮಾನರಾಗಿ ಒಪ್ಪಂದ ಮಾಡಿಕೊಂಡರು’ ಎಂಬ ವಿಚಾರ ಎಲ್ಲಿಂದ ಬಂತು? ಅದನ್ನು ಯಾರೂ ಕುಳಿತು ಹೆಣೆಯಲಿಲ್ಲ. ಕಾರ್ಮಿಕನನ್ನು ಯಾರೂ ಹಗ್ಗ ಕಟ್ಟಿ ಎಳೆದು ತಂದಿಲ್ಲ, ಮಾತಾಡಿದ ಕೂಲಿ ಕೈಗೆ ಬಂದಿದೆ. ಮಾರುಕಟ್ಟೆಯ ಮಟ್ಟದಲ್ಲಿ ಆ ವಿಚಾರ ನಿಜವೇ. ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಮಾತ್ರ ಬೇರೆ ಚಿತ್ರ ಕಾಣುತ್ತದೆ. ಕಾರ್ಮಿಕ ಮತ್ತು ಮಾಲೀಕ ಇಬ್ಬರ ನ್ಯಾಯದ ಕಲ್ಪನೆಗಳೂ ಈ ಕೂಲಿಯ ರೂಪದ ಮೇಲೆಯೇ ನಿಂತಿವೆ ಎನ್ನುತ್ತಾನೆ ಮಾರ್ಕ್ಸ್. ಇಬ್ಬರ ಕಲ್ಪನೆಗಳೂ ಎಂಬುದು ಮುಖ್ಯ. ವಿಚಾರಧಾರೆಯನ್ನು ಆಳುವವರ ಮೋಸ ಎಂದಷ್ಟೇ ತಿಳಿದರೆ, ಆಳುವವರೂ ಅದನ್ನು ಮನಸಾರೆ ನಂಬುತ್ತಾರೆಂಬುದಕ್ಕೆ ವಿವರಣೆ ಸಿಗುವುದಿಲ್ಲ. ದಿನನಿತ್ಯದ ವ್ಯವಹಾರವೇ ತನ್ನ ಒಂದು ಮುಖವನ್ನು ತೋರಿಸಿ ಇನ್ನೊಂದನ್ನು ಮರೆಮಾಡುತ್ತದೆ. ವಕೀಲ, ತತ್ವಜ್ಞಾನಿ, ಕವಿ ಕೆಲಸ ಶುರುಮಾಡುವುದು ಕಾಣುವ ಆ ಮುಖದಿಂದ.

ಕಲೆಯ ವಿಷಯದಲ್ಲೂ ಇದೇ ದಾರಿ ಹಿಡಿಯಬಹುದು. ಆಶ್ರಯದಾತನ ಉಂಬಳಿಯಲ್ಲಿ ಬದುಕುವ ಬರಹಗಾರ ಅವನನ್ನು ಹೊಗಳಿ ಅರ್ಪಣೆ ಬರೆಯುತ್ತಾನೆ. ಪುಸ್ತಕ ಸರಕಾದಾಗ, ಇಂಗ್ಲೆಂಡಿನ 1710ರ ಕಾಯ್ದೆಯಂತೆ ಕೃತಿಯ ಮೇಲೆ ಲೇಖಕನಿಗೆ ಹಕ್ಕು ಬಂದಾಗ, ‘ಸ್ವಂತಿಕೆ’ ಎಂಬ ಗುಣಕ್ಕೆ ಹೊಸ ತೂಕ ಬರುತ್ತದೆ. ಯಾವ ಕಾದಂಬರಿ ಚೆನ್ನಾಗಿದೆ ಎಂದು ತಳಹದಿ ಹೇಳಲಾರದು. ಸ್ವಂತಿಕೆ ಯಾವಾಗ ಬೆಲೆಯುಳ್ಳ ಪ್ರಶ್ನೆಯಾಯಿತು ಎಂಬುದಕ್ಕೆ ಅದು ಬೆಳಕು ಕೊಡಬಲ್ಲದು.

ಆಕ್ಷೇಪಗಳು ಹಗುರವಾದವಲ್ಲ. ಗ್ರೀಕರ ಕಲೆ ಅದನ್ನು ಹುಟ್ಟಿಸಿದ ಸಮಾಜ ಅಳಿದ ಮೇಲೂ ಏಕೆ ನಮಗೆ ಸುಖ ಕೊಡುತ್ತದೆ ಎಂದು 1857ರ ಟಿಪ್ಪಣಿಗಳಲ್ಲಿ ಮಾರ್ಕ್ಸ್ ತಾನೇ ಕೇಳಿಕೊಂಡ. ಅದು ಮನುಕುಲದ ಬಾಲ್ಯದ ಮೋಡಿ ಎಂಬ ಅವನ ಉತ್ತರ ನನಗೆ ಸಾಲದೆನಿಸುತ್ತದೆ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904–05ರಲ್ಲಿ ಇನ್ನೊಂದು ತುದಿಯಿಂದ ಬಂದು, ಪ್ರಾಟೆಸ್ಟೆಂಟ್ ಧರ್ಮದ ಶಿಸ್ತು ಬಂಡವಾಳಶಾಹಿಯ ಮನೋಧರ್ಮವನ್ನು ರೂಪಿಸಲು ನೆರವಾಯಿತೆಂದು ತೋರಿಸಹೊರಟ. ಇದಕ್ಕೂ ಮುಂಚೆ, 1890ರ ಸೆಪ್ಟೆಂಬರಿನಲ್ಲಿ ಜೋಸೆಫ್ ಬ್ಲಾಖ್‌ಗೆ ಬರೆದ ಪತ್ರದಲ್ಲಿ ಎಂಗೆಲ್ಸ್, ಜೀವನದ ಉತ್ಪಾದನೆ ‘ಕೊನೆಯ ಎಣಿಕೆಯಲ್ಲಿ’ ಮಾತ್ರ ನಿರ್ಣಾಯಕ, ಅದೊಂದೇ ನಿರ್ಣಾಯಕ ಎನ್ನುವುದು ಅರ್ಥಹೀನ ಎಂದು ಸ್ಪಷ್ಟಪಡಿಸಿದ್ದ. ಆದರೆ ಆ ಕೊನೆಯ ಎಣಿಕೆ ಯಾವಾಗ ನಡೆಯುತ್ತದೆ ಎಂಬುದು ಅಲ್ಲಿಯೂ ಅಸ್ಪಷ್ಟ.

ಈ ಗಂಟನ್ನು ಸಡಿಲಿಸಲು ನನಗೆ ಹೆಚ್ಚು ನೆರವಾಗುವವನು ಬ್ರಿಟನ್ನಿನ ಸಂಸ್ಕೃತಿ ವಿಮರ್ಶಕ ರೇಮಂಡ್ ವಿಲಿಯಮ್ಸ್. 1973ರ ಲೇಖನದಲ್ಲಿ ಆತ ‘ನಿರ್ಧರಿಸು’ ಎಂಬ ಪದವನ್ನೇ ಮತ್ತೆ ಪರಿಶೀಲಿಸುತ್ತಾನೆ. ಮೊದಲೇ ಬರೆದಿಟ್ಟ ಹಣೆಬರಹ ಎಂಬ ಅರ್ಥವನ್ನು ಬಿಟ್ಟು, ಮಿತಿಗಳನ್ನು ಹಾಕುವುದು ಮತ್ತು ಒತ್ತಡ ತರುವುದು ಎಂದು ಅದನ್ನು ಓದುತ್ತಾನೆ. ಮಿತಿಯೊಳಗೆ ಹಲವು ಸಾಧ್ಯತೆಗಳಿರುತ್ತವೆ. ಅವುಗಳಿಗಾಗಿ ಹೋರಾಟ ನಡೆಯುತ್ತದೆ. ಮುಸ್ಸೊಲಿನಿಯ ಸೆರೆಮನೆಯಲ್ಲಿ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿ ಬರೆದಿಟ್ಟ ಯಜಮಾನಿಕೆಯ ಪರಿಕಲ್ಪನೆ ಈ ಹೋರಾಟದ ಕಣವನ್ನು ಗುರುತಿಸುತ್ತದೆ: ಶಾಲೆ, ಚರ್ಚು, ಪತ್ರಿಕೆಗಳಲ್ಲಿ ಜನರ ಸಮ್ಮತಿಯನ್ನು ದಿನವೂ ಗೆಲ್ಲಬೇಕಾಗುತ್ತದೆ, ಗೆದ್ದದ್ದು ಕೈಜಾರಲೂಬಹುದು.

ಕೈಜಾರಿದ್ದಕ್ಕೆ ಗಡಿಯಾರವೇ ಸಾಕ್ಷಿ. ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರ ಲೇಖನದಲ್ಲಿ ವಿವರಿಸುವಂತೆ, ಇಂಗ್ಲೆಂಡಿನಲ್ಲಿ ಹಿಡಿದ ಕೆಲಸ ಮುಗಿಯುವವರೆಗೆ ದುಡಿಯುತ್ತಿದ್ದ ಜನರಿಗೆ ಗಂಟೆಯ ಲೆಕ್ಕದ ದುಡಿಮೆಯನ್ನು ಕಲಿಸಿದ್ದು ಕಾರ್ಖಾನೆ, ದಂಡ, ಶಾಲೆ ಮತ್ತು ಧರ್ಮೋಪದೇಶ. ಕಾರ್ಮಿಕರ ಮೊದಲ ತಲೆಮಾರು ಹೊತ್ತಿನ ಬೆಲೆಯನ್ನು ಮಾಲೀಕರಿಂದ ಕಲಿಯಿತು. ಎರಡನೆಯದು ಹತ್ತು ಗಂಟೆಗಳ ದುಡಿಮೆಗಾಗಿ ಸಮಿತಿ ಕಟ್ಟಿತು. ಮೂರನೆಯದು ಹೆಚ್ಚುವರಿ ಹೊತ್ತಿಗೆ ಹೆಚ್ಚುವರಿ ಕೂಲಿ ಕೇಳಿ ಮುಷ್ಕರ ಹೂಡಿತು. ‘ಹೊತ್ತೆಂದರೆ ಹಣ’ ಎಂಬುದು ಮಾಲೀಕರ ವಿಚಾರವಾಗಿತ್ತು; ಅದೇ ಅವರತ್ತ ತಿರುಗಿತು. 1847ರ ಕಾಯ್ದೆ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಮತ್ತು ಹದಿಹರೆಯದವರ ದುಡಿಮೆಯನ್ನು ಹತ್ತು ಗಂಟೆಗಳಿಗೆ ಮಿತಿಗೊಳಿಸಿತು. ದಿನವನ್ನು ಉದ್ದ ಮಾಡುವ ದಾರಿ ಕಾನೂನಿನಿಂದ ಮುಚ್ಚುತ್ತಿದ್ದಂತೆ ಮಾಲೀಕರು ಯಂತ್ರಗಳ ವೇಗ ಹೆಚ್ಚಿಸಿದರು, ಹೊಸ ಯಂತ್ರಗಳನ್ನು ತಂದರು ಎಂದು ‘ಬಂಡವಾಳ’ವೇ ದಾಖಲಿಸುತ್ತದೆ. ತಳಹದಿಯಲ್ಲಿ ಹುಟ್ಟಿದ ವಿಚಾರ ಕಾನೂನಾಗಿ ಮೇಲ್ರಚನೆಯನ್ನು ಸೇರಿ, ಅಲ್ಲಿಂದ ಇಳಿದುಬಂದು ಉತ್ಪಾದನಾ ಶಕ್ತಿಗಳನ್ನೇ ಬದಲಿಸಿತು.