ಎಂಜಿನಿಯರಿಂಗ್‌ನಲ್ಲಿ ಮಹಿಳೆಯರು: ಬಳ್ಳಾರಿ ಗೋಷ್ಠಿಯ ಆರಂಭದ ಮಾತು

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗೆ ಹೂವು ಹಾಕಿದೆವು. ಎಂಜಿನಿಯರುಗಳ ದಿನ, ಅದು ಆಗಲೇಬೇಕು. ಅದರ ಜೊತೆಗೆ ಇನ್ನೊಬ್ಬರನ್ನು ನೆನೆದು ಗೋಷ್ಠಿ ಶುರು ಮಾಡೋಣ. ಎ. ಲಲಿತಾ ಅಂತ. ಅವರಿಗೆ ಹದಿನೆಂಟು ವರ್ಷ ಆಗಿದ್ದಾಗ ಗಂಡ ತೀರಿಕೊಂಡರು, ಮಡಿಲಲ್ಲಿ ಹೆಣ್ಣುಕೂಸು. ಆಮೇಲೆ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ಸೇರಿ, 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಹೊರಬಂದರು. ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಲೈನುಗಳಿಗೆ ಕೆಲಸ ಮಾಡಿದರು. ನಮ್ಮ ರಾಜ್ಯದಲ್ಲಿ ರಾಜೇಶ್ವರಿ ಚಟರ್ಜಿ ಇದ್ದರು, ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದವರು. ನಾನು ಓದುವಾಗ ಇವರಿಬ್ಬರ ಹೆಸರನ್ನೂ ಯಾರೂ ನನಗೆ ಹೇಳಿರಲಿಲ್ಲ. ಇವತ್ತು ಇಲ್ಲಿ ಕೂತ ಹುಡುಗಿಯರಿಗೆ ಹಾಗಾಗಬಾರದು.

ವೇದಿಕೆ ಮೇಲಿನ ಮೂವರ ಪರಿಚಯ ಆಗಲೇ ಆಗಿದೆ. ಒಬ್ಬರು ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಮೇಂಟೆನೆನ್ಸ್ ನೋಡುವವರು. ಒಬ್ಬರು ತುಂಗಭದ್ರಾ ಎಡದಂಡೆ ಕಾಲುವೆಯ ಎಂಜಿನಿಯರ್. ಇನ್ನೊಬ್ಬರು ಸಂಡೂರಿನ ಅದಿರು ಗಣಿಯವರು. ಬೇಕಂತಲೇ ಇವರನ್ನು ಕರೆದಿದ್ದೇವೆ. ನಮ್ಮ ಕ್ಲಾಸುಗಳಲ್ಲಿ ಹುಡುಗಿಯರಿಗೇನೂ ಕಡಿಮೆ ಇಲ್ಲ, ರಿಸಲ್ಟ್ ಬಂದಾಗ ಮುಂದೆ ಇರುವವರೂ ಅವರೇ. ಆದರೆ ಸೈಟಿಗೆ, ಪ್ಲಾಂಟಿಗೆ, ಗಣಿಗೆ ಹೋಗುವ ಮಾತು ಬಂದಾಗ ಮನೆಯವರೂ ತಡೆಯುತ್ತಾರೆ, ಸಂದರ್ಶನ ಮಾಡುವವರೂ ಹಿಂದೆ ಮುಂದೆ ನೋಡುತ್ತಾರೆ. "ಡೆಸ್ಕ್ ಕೆಲಸ ತಗೋಮ್ಮ, ಸುಮ್ನೆ ಯಾಕೆ ಬಿಸಿಲು" ಅಂತಾರೆ.

ಕೆಲವು ಕಡೆ ಕಾನೂನೇ ಅಡ್ಡ ನಿಂತಿತ್ತು. 1952ರ ಗಣಿ ಕಾಯ್ದೆ ಹೆಂಗಸರಿಗೆ ನೆಲದಡಿಯ ಕೆಲಸ ಕೊಡಬಾರದು ಅಂದಿತ್ತು. ರಾಯಚೂರು ಜಿಲ್ಲೆಯಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ಆದರೆ ಮೈನಿಂಗ್ ಓದಿದ ಅದೇ ಜಿಲ್ಲೆಯ ಹುಡುಗಿ ಅದರೊಳಗೆ ಇಳಿದು ಕೆಲಸ ಮಾಡುವಂತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಿಗೆ ವಿನಾಯಿತಿ ಕೊಟ್ಟಿತು, ಅದೂ ಆಕೆ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ. ಆದೇಶ ಬಂದ ಮಾತ್ರಕ್ಕೆ ಡ್ರೆಸ್ ಬದಲಿಸುವ ಕೋಣೆ, ಅಳತೆಗೆ ಸರಿಹೋಗುವ ಸೇಫ್ಟಿ ಶೂ, ರಾತ್ರಿ ಪಾಳಿಗೆ ಗಾಡಿ ಬಂದವಾ? ಅದನ್ನು ಇವತ್ತು ಕೇಳಬೇಕು.

ನಾನೂ ಕೆಲಸ ಶುರು ಮಾಡಿದ್ದು ಒಂದು ಸಬ್‌ಸ್ಟೇಷನ್ ಸೈಟಿನಲ್ಲಿ. ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಾಟಲಿ ತುಂಬಾ ನೀರು ಇಟ್ಟುಕೊಂಡು, ಕುಡಿಯದೆ ಸಂಜೆವರೆಗೆ ಇರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಆದರೂ ಮೀಟರ್ ರೀಡಿಂಗ್ ತಪ್ಪಬಾರದು. ಇಂಥದ್ದನ್ನು ಇಲ್ಲಿ ಹೇಳಿಕೊಳ್ಳಲು ಯಾರೂ ನಾಚಿಕೆ ಪಡಬೇಕಿಲ್ಲ. ಇದು ಕೆಲಸದ ಜಾಗದ ವ್ಯವಸ್ಥೆಯ ಮಾತು, ಸರಿ ಮಾಡಬಹುದಾದ ಮಾತು.

ಹಾಗಾಗಿ ಒಂದೆರಡು ವಿನಂತಿ. ಅತಿಥಿಗಳು ಒಂದು ಪ್ರಶ್ನೆಗೆ ಮೂರು ನಿಮಿಷ ತಗೊಳ್ಳಿ. ಎರಡೂವರೆ ನಿಮಿಷ ಆದಾಗ ನಾನು ಪೆನ್ನು ಎತ್ತುತ್ತೇನೆ. ಕಹಿ ಅನುಭವ ಹೇಳುವಾಗ ಕಂಪನಿ, ವ್ಯಕ್ತಿಯ ಹೆಸರು ಬೇಡ. ಏನಾಯ್ತು, ನೀವೇನು ಮಾಡಿದಿರಿ ಅನ್ನೋದು ಸಾಕು. ಸಭಿಕರ ಸರದಿ ಕೊನೆಯ ಅರ್ಧ ಗಂಟೆ. ಮೊದಲು ವಿದ್ಯಾರ್ಥಿನಿಯರು, ಆಮೇಲೆ ಉಳಿದವರು. ಮೈಕ್ ಹಿಡಿಯಲು ಹಿಂಜರಿಕೆ ಇದ್ದರೆ ಚೀಟಿಯಲ್ಲಿ ಬರೆದು ಕೊಡಿ, ಕನ್ನಡದಲ್ಲೇ ಬರೆಯಿರಿ, ಹೆಸರು ಹಾಕದಿದ್ದರೂ ಓದುತ್ತೇನೆ. ದಯವಿಟ್ಟು ಪ್ರಶ್ನೆಯನ್ನೇ ಕೇಳಿ, ಭಾಷಣ ಬೇಡ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. "ಮನೆ, ಮಕ್ಕಳು, ಕೆಲಸ ಎಲ್ಲಾ ಹೇಗೆ ಸಂಭಾಳಿಸ್ತೀರಿ" ಅಂತ ಇವರನ್ನು ಕೇಳಬೇಡಿ. ಗಂಡಸು ಎಂಜಿನಿಯರ್ ಬಂದರೆ ಅದನ್ನು ಕೇಳಲ್ಲ, ಅಲ್ವಾ? ಇವರೇ ಆ ಮಾತು ತೆಗೆದರೆ ಧಾರಾಳವಾಗಿ ಕೇಳಿಸಿಕೊಳ್ಳೋಣ. ಹಿಂದೆ ಕೂತ ಹುಡುಗರೇ, ಈ ಗೋಷ್ಠಿ ನಿಮಗೂ ಬೇಕು. ನಾಳೆ ಇವರ ಟೀಮಿನಲ್ಲಿ ಕೆಲಸ ಮಾಡುವವರು ನೀವು.

ಈಗ ಮೊದಲ ಪ್ರಶ್ನೆ, ಮೂವರಿಗೂ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಮ್ಮ ಭಾಗದ ರೈತರು ಆ ದಿನಗಳಲ್ಲಿ ಹೇಗೆ ಕಾದರು ಅಂತ ನಿಮಗೆಲ್ಲ ಗೊತ್ತು. ಒಬ್ಬ ಎಂಜಿನಿಯರ್ ಏನು ಹೇಳುತ್ತಾರೆ ಅನ್ನೋದರ ಮೇಲೆ ಎಷ್ಟು ಬದುಕು ನಿಂತಿರುತ್ತದೆ ಅಂತ ಆಗ ಕಣ್ಣಾರೆ ಕಂಡೆವು. ನನಗೆ ಗೊತ್ತಾಗಬೇಕಾದ್ದು ಇದು: "ಇದು ಸರಿ ಇಲ್ಲ, ಕೆಲಸ ನಿಲ್ಲಿಸಿ" ಅಂತ ನೀವು ಮೊದಲ ಸಲ ಹೇಳಿದ್ದು ಯಾವಾಗ? ಎದುರಿಗೆ ಯಾರಿದ್ದರು? ನಿಮ್ಮ ಮಾತು ಕೇಳಿದರಾ, ಇಲ್ಲಾ ಇನ್ನೊಬ್ಬ ಗಂಡಸು ಬಂದು ಅದನ್ನೇ ಹೇಳುವವರೆಗೆ ಕಾದರಾ?

ಕಾಲುವೆಯಿಂದಲೇ ಶುರು ಮಾಡೋಣ. ಮೇಡಂ, ನೀವು ಹೇಳಿ.